ಹಣದ ಬೇಡಿಕೆ ಏಕಾಏಕಿ ಏರಿದರೆ ಬಡ್ಡಿ ಹಿಡಿಯೋದಾ, ಹಣದ ಮೊತ್ತ ಹಿಡಿಯೋದಾ?

ಡೊಂಬಿವಲಿ_ಹುಡುಗ
ಎಲ್ಲರಿಗೂ ನಮಸ್ಕಾರ. ಆರ್‌ಬಿಐ ಗ್ರೇಡ್ ಬಿ ಪರೀಕ್ಷೆಗೆ ಓದುತ್ತಿದ್ದೇನೆ. ಓದೋದು ಹೆಚ್ಚಾಗಿ ಲೋಕಲ್‌ನಲ್ಲೇ, ಅದೂ ನಿಂತುಕೊಂಡು. ಒಂದು ಕಡೆ ತಲೆ ಓಡುತ್ತಿಲ್ಲ, ಯಾರಾದರೂ ಬಿಡಿಸಿ ಹೇಳಿ.

1970ರಲ್ಲಿ ವಿಲಿಯಂ ಪೂಲ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ ಒಂದು ಮಾತು ಹೇಳಿದ್ದಾರೆ. ಜನರ ಹಣದ ಬೇಡಿಕೆ ಲೆಕ್ಕಕ್ಕೆ ಸಿಗದ ಹಾಗೆ ಏರಿಳಿಯುತ್ತಿದ್ದರೆ ಕೇಂದ್ರ ಬ್ಯಾಂಕು ಬಡ್ಡಿ ದರವನ್ನು ಹಿಡಿದಿಡಬೇಕಂತೆ. ಹಣದ ಮೊತ್ತ ಎಷ್ಟಾದರೂ ಆಗಲಿ ಅಂತ ಬಿಟ್ಟುಬಿಡಬೇಕಂತೆ. ನನಗೆ ಇದು ಉಲ್ಟಾ ಕಾಣಿಸುತ್ತದೆ. ಜನ ಕೇಳಿದಷ್ಟು ದುಡ್ಡು ಕೊಟ್ಟುಬಿಟ್ಟರೆ ಬೆಲೆ ಏರೋದಿಲ್ವಾ? ಹಣದ ಮೊತ್ತ ಬಿಗಿ ಹಿಡಿಯೋದೇ ಸರಿ ಅಲ್ವಾ?

ಮಾಟುಂಗಾ_ಶೆಟ್ರು
ತಮ್ಮಾ, ನನ್ನ ಅನುಭವ ಕೇಳು. ಬಡ್ಡಿ ಹಿಡಿದಿಡೋದೇ ಒಳ್ಳೆಯದು. ಮಗನ ಫ್ಲಾಟಿನ ಸಾಲ ಫ್ಲೋಟಿಂಗ್‌ನಲ್ಲಿ ತೆಗೆದೆವು, ಕಂತು ಏರಿ ಏರಿ ಸುಸ್ತಾಯಿತು. ಫಿಕ್ಸೆಡ್ ತಗೋ.

ಡೊಂಬಿವಲಿ_ಹುಡುಗ
ಶೆಟ್ರೇ, ನಾನು ಕೇಳಿದ್ದು ಮನೆ ಸಾಲದ ಬಗ್ಗೆ ಅಲ್ಲ 😄 ರಿಸರ್ವ್ ಬ್ಯಾಂಕು ಏನು ಮಾಡಬೇಕು ಅಂತ. ನನಗೆ ಫ್ಲಾಟ್ ಎಲ್ಲಿ ಬರಬೇಕು, ಪಿಜಿ ಬಾಡಿಗೆ ಕಟ್ಟೋದೇ ಕಷ್ಟ.

ಕೊತ್ರೂಡ್_ಕಟ್ಟೆ
ನಿನ್ನ ಅನುಮಾನ ಸರಿ ಇದೆ. ದುಡ್ಡು ಜಾಸ್ತಿ ಆದರೆ ಬೆಲೆ ಏರುತ್ತದೆ, ಇಷ್ಟೇ ಕಥೆ. ವರ್ಷಕ್ಕೆ ಇಂತಿಷ್ಟು ಅಂತ ಮೊತ್ತ ಬೆಳೆಸಬೇಕು, ಮಿಕ್ಕಿದ್ದನ್ನು ಮಾರುಕಟ್ಟೆಗೆ ಬಿಡಬೇಕು. ಮಿಲ್ಟನ್ ಫ್ರೀಡ್‌ಮನ್ ಹೇಳಿದ್ದೂ ಅದನ್ನೇ. ಬಡ್ಡಿ ಹಿಡಿಯಲು ಹೋದವರು ನೋಟು ಮುದ್ರಿಸುತ್ತಾ ಕೂರಬೇಕಾಗುತ್ತದೆ. ಪುಸ್ತಕದಲ್ಲಿ ಬರೆದಿದೆ ಅಂತ ನಂಬಬೇಡಪ್ಪಾ.

ಫೋರ್ಟ್_ನಿವೃತ್ತ
ಕಟ್ಟೆಯವರೇ, ಅರ್ಧ ಸರಿ ಹೇಳಿದಿರಿ. ಉಳಿದರ್ಧದಲ್ಲೇ ಈ ಹುಡುಗನ ಪ್ರಶ್ನೆ ಇರೋದು.

ನಾನು ಫೋರ್ಟ್‌ನಲ್ಲಿ ಒಂದು ಬ್ಯಾಂಕಿನ ಟ್ರೆಷರಿಯಲ್ಲಿದ್ದವನು. ಹಣದ ಬೇಡಿಕೆ ಅಂದ ಕೂಡಲೇ ಎಲ್ಲರೂ ಮಾಡುವ ತಪ್ಪು ಒಂದಿದೆ. ಅದನ್ನು ಖರ್ಚು ಮಾಡುವ ಆಸೆ ಅಂದುಕೊಳ್ಳುತ್ತಾರೆ. ಅದು ಖರ್ಚು ಮಾಡುವ ಆಸೆ ಅಲ್ಲ, ಇಟ್ಟುಕೊಳ್ಳುವ ಆಸೆ.

ಶೆಟ್ರೇ, ನೀವು ಹೋಟೆಲಿನವರು. ಗಲ್ಲಾದಲ್ಲಿ ರಾತ್ರಿ ಎಷ್ಟು ಬಿಟ್ಟು ಹೋಗುತ್ತೀರಿ? ಮೊತ್ತ ಬೇಡ, ಅಂದಾಜು ಹೇಳಿದರೆ ಸಾಕು.

ಮಾಟುಂಗಾ_ಶೆಟ್ರು
ಮೊದಲು ಚಿಲ್ಲರೆ ಎಲ್ಲ ಸೇರಿ 20,000 ಬಿಡುತ್ತಿದ್ದೆ ಮಾರಾಯ್ರೇ. ಒಂದು ಶನಿವಾರ ಬೆಳಗ್ಗೆ ಮೊಬೈಲ್ ಪೇಮೆಂಟ್ ಒಂದೂ ಹೋಗಲಿಲ್ಲ. ಗಿರಾಕಿಗಳು ಹತ್ತಿರದ ಎಟಿಎಂಗೆ ಓಡಿದರು. ಹಾಲಿನವನಿಗೆ, ತರಕಾರಿಯವನಿಗೆ ಕೊಡಲು ನನ್ನ ಹತ್ತಿರವೇ ನೋಟು ಇಲ್ಲ. ಅವತ್ತಿನಿಂದ 60,000 ಇಟ್ಟಿರುತ್ತೇನೆ. ವ್ಯಾಪಾರ ಅಷ್ಟೇ ಇದೆ, ಇಡ್ಲಿ ದರವೂ ಅಷ್ಟೇ ಇದೆ. ಸುಮ್ನೆ ಧೈರ್ಯಕ್ಕೆ.

ಫೋರ್ಟ್_ನಿವೃತ್ತ
ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗುತ್ತಿರಲಿಲ್ಲ. ಶೆಟ್ರ ಹಣದ ಬೇಡಿಕೆ 40,000 ಏರಿತು. ಅವರು ಒಂದು ಇಡ್ಲಿಯನ್ನೂ ಜಾಸ್ತಿ ಕೊಳ್ಳಲಿಲ್ಲ, ಮಾರಲಿಲ್ಲ.

ಆ 40,000 ಎಲ್ಲಿಂದ ಬಂತು? ಅವರ ಕರೆಂಟ್ ಖಾತೆಯಿಂದ. ಬ್ಯಾಂಕಿನ ಕೈಯಿಂದ ಅಷ್ಟು ನೋಟು ಹೊರಗೆ ಹೋಯಿತು. ಬ್ಯಾಂಕಿಗೆ ನೋಟು, ಆರ್‌ಬಿಐನಲ್ಲಿರುವ ಬ್ಯಾಲೆನ್ಸು, ಇವೆರಡೇ ಅಡಿಪಾಯ. ಅದರ ಮೇಲೆ ಎಷ್ಟೋ ಪಟ್ಟು ಠೇವಣಿ, ಸಾಲ ನಿಂತಿರುತ್ತದೆ. ಮುಂಬೈಯ ಅರ್ಧ ಅಂಗಡಿಯವರು ಒಂದೇ ವಾರ ಶೆಟ್ರ ಹಾಗೆ ಮಾಡಿದರು ಅಂದುಕೊಳ್ಳಿ. ಎಲ್ಲ ಬ್ಯಾಂಕುಗಳೂ ಸಂಜೆ ಕಾಲ್ ಮಾರುಕಟ್ಟೆಗೆ ಓಡುತ್ತವೆ, ಒಂದು ರಾತ್ರಿಯ ಸಾಲಕ್ಕೆ. ಕೊಡುವವರು ಯಾರೂ ಇಲ್ಲ. ಬಡ್ಡಿ ಹಾರುತ್ತದೆ.

ಈಗ ಆರ್‌ಬಿಐ ಮುಂದೆ ಎರಡು ದಾರಿ. ಮೊದಲನೆಯದು ಕಟ್ಟೆಯವರದು: ಮೊತ್ತ ಬದಲಾಯಿಸೋದಿಲ್ಲ ಅಂತ ಕೈಕಟ್ಟಿ ಕೂರುವುದು. ಆಗ ಬಡ್ಡಿ ಏರಿ, ಬ್ಯಾಂಕು ಸಾಲ ಕಡಿಮೆ ಮಾಡಿ, ಪುಣೆಯಲ್ಲಿ ಯಾರೋ ಲೇತ್ ಮೆಷಿನ್ ಕೊಳ್ಳೋದನ್ನು ಮುಂದಕ್ಕೆ ಹಾಕುತ್ತಾರೆ. ಶೆಟ್ರಿಗೆ ಧೈರ್ಯ ಬೇಕಾಗಿದ್ದಕ್ಕೆ ಪುಣೆಯ ಕಾರ್ಖಾನೆಯವನು ದಂಡ ಕಟ್ಟಿದ ಹಾಗೆ ಆಯಿತು. ಎರಡನೆಯದು ಪೂಲ್ ದಾರಿ: ನಿಗದಿ ಬಡ್ಡಿಗೆ ಬ್ಯಾಂಕುಗಳು ಕೇಳಿದಷ್ಟು ಕೊಟ್ಟುಬಿಡುವುದು. ಹೊಸದಾಗಿ ಬಂದ 40,000 ಶೆಟ್ರ ಗಲ್ಲಾದಲ್ಲೇ ಮಲಗಿರುತ್ತದೆ. ಅದು ಬೆಲೆ ಏರಿಸೋದು ಹೇಗೆ?

ಕೊತ್ರೂಡ್_ಕಟ್ಟೆ
ರಾಯರೇ, ಗಲ್ಲಾ ಕಥೆ ಚೆನ್ನಾಗಿದೆ. ಆದರೆ ಮೊಬೈಲ್ ಪೇಮೆಂಟ್ ಸರಿಯಾದ ಮೇಲೆ ಶೆಟ್ರು ಆ ದುಡ್ಡನ್ನು ಹೊರಗೆ ತೆಗೆಯೋದಿಲ್ವಾ? ಆಗ?

ಫೋರ್ಟ್_ನಿವೃತ್ತ
ತೆಗೆದು ಬ್ಯಾಂಕಿಗೆ ಕಟ್ಟುತ್ತಾರೆ. ಬ್ಯಾಂಕುಗಳ ಹತ್ತಿರ ಹೆಚ್ಚಾಗುತ್ತದೆ, ಬಡ್ಡಿ ಇಳಿಯಲು ನೋಡುತ್ತದೆ. ಬಡ್ಡಿ ಹಿಡಿದ ಆರ್‌ಬಿಐ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಕೊಡುವುದಷ್ಟೇ ಅಲ್ಲ, ಹಿಂದಕ್ಕೆ ತೆಗೆದುಕೊಳ್ಳುವುದೂ ಅದೇ ನಿಯಮದಲ್ಲಿದೆ. ಇವತ್ತಿನ ವ್ಯವಸ್ಥೆ ಹೀಗೇ ಇದೆ. ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರಕ್ಕಿಂತ ಕಾಲು ಪರ್ಸೆಂಟ್ ಕೆಳಗೆ ಎಸ್‌ಡಿಎಫ್, ಅಲ್ಲಿ ಬ್ಯಾಂಕು ಹೆಚ್ಚಿಗೆ ದುಡ್ಡು ಇಡಬಹುದು. ಕಾಲು ಪರ್ಸೆಂಟ್ ಮೇಲೆ ಎಂಎಸ್‌ಎಫ್, ಅಲ್ಲಿಂದ ಪಡೆಯಬಹುದು. ಇವೆರಡರ ನಡುವೆ ಕಾಲ್ ದರ ಓಡಾಡಿಕೊಂಡಿರಬೇಕು.

ಮಡಗಾಂವ್_ಮೇಷ್ಟ್ರು
ಗಣಿತದವನು, ಸುಮ್ಮನಿರಲು ಆಗುತ್ತಿಲ್ಲ. ಒಂದು ಪುಟ್ಟ ಲೆಕ್ಕ ಇಡುತ್ತೇನೆ. ಅಂಕಿಗಳು ನನ್ನವೇ, ಯಾವ ದೇಶದ್ದೂ ಅಲ್ಲ.

```
Y = 1000 - 20i + u
M = 0.5Y - 10i + v
```

Y ಅಂದರೆ ಆದಾಯ, i ಬಡ್ಡಿ, M ಹಣ. u ಅನ್ನೋದು ಜನ ಏಕಾಏಕಿ ಹೆಚ್ಚು ಖರ್ಚು ಮಾಡಲು ಶುರು ಮಾಡಿದ್ದು. v ಅನ್ನೋದು ಶೆಟ್ರ ಗಲ್ಲಾ. ಎರಡೂ ಸೊನ್ನೆ ಇದ್ದಾಗ ಬಡ್ಡಿ 6, ಆದಾಯ 880, ಹಣ 380. ಕೂಡಿಸಿ ನೋಡಿ, ಸರಿ ಇದೆ.

ಈಗ v = 20. ಬಡ್ಡಿಯನ್ನು 6ಕ್ಕೆ ಹಿಡಿದರೆ ಹಣ 400 ಆಗುತ್ತದೆ, ಆದಾಯ 880ರಲ್ಲೇ ನಿಲ್ಲುತ್ತದೆ. ಹಣವನ್ನು 380ಕ್ಕೆ ಹಿಡಿದರೆ ಬಡ್ಡಿ 7ಕ್ಕೆ ಏರಿ ಆದಾಯ 860ಕ್ಕೆ ಬೀಳುತ್ತದೆ. ರಾಯರು ಹೇಳಿದ ಪುಣೆಯ ಲೇತ್ ಮೆಷಿನ್ ಈ ಕಳೆದುಹೋದ 20ರಲ್ಲಿದೆ.

ಡೊಂಬಿವಲಿ_ಹುಡುಗ
ಅಯ್ಯೋ, ಇಷ್ಟೇನಾ! ಮೇಷ್ಟ್ರೇ ಥ್ಯಾಂಕ್ಸ್. ಹಾಗಾದರೆ ಮೊತ್ತ ಹಿಡಿಯುವವರು ಪೂರಾ ದಡ್ಡರಾ?

ಮಡಗಾಂವ್_ಮೇಷ್ಟ್ರು
ಇಲ್ಲ ಮಗಾ, ಅವಸರ ಬೇಡ. v ಸೊನ್ನೆ ಮಾಡಿ u = 40 ಹಾಕು. ಬಡ್ಡಿ 6ಕ್ಕೇ ಹಿಡಿದರೆ ಆದಾಯ 920, ಪೂರ್ತಿ 40 ಏರಿತು. ಹಣ 380ಕ್ಕೆ ಹಿಡಿದರೆ ಬಡ್ಡಿ 7 ಆಗಿ ಖರ್ಚಿಗೆ ಬ್ರೇಕ್ ಬೀಳುತ್ತದೆ, ಆದಾಯ 900. ಅರ್ಧ ಏಟು ತಪ್ಪಿತು. ಕಟ್ಟೆಯವರು ಗೆಲ್ಲುವ ಜಾಗ ಇದು.

ಕೊತ್ರೂಡ್_ಕಟ್ಟೆ
ನೋಡಿದ್ರಾ! ಒಬ್ಬರಾದರೂ ಒಪ್ಪಿಕೊಂಡರು.

ಫೋರ್ಟ್_ನಿವೃತ್ತ
ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ. ಗೊತ್ತಿದ್ದೇ ಅಂಕಿ ಹೀಗೆ ಆರಿಸಿದಿರೋ ಏನೋ. ಮೊತ್ತ ಹಿಡಿದಾಗ ಎರಡೂ ಸಲ ಬಡ್ಡಿ 7. ಬಡ್ಡಿ ಹಿಡಿದಾಗ ಎರಡೂ ಸಲ ಹಣ 400. ಅಂದರೆ ಆರ್‌ಬಿಐನಲ್ಲಿ ಕೂತವನಿಗೆ ಬೆಳಗ್ಗೆ ಕಾಣೋದು ಒಂದೇ ಅಂಕಿ. ಹಣ 380 ಇದ್ದದ್ದು 400 ಆಗಿದೆ. ಇದು ಶೆಟ್ರ ಗಲ್ಲಾನಾ, ಅಥವಾ ಜನ ಖರ್ಚಿಗೆ ಇಳಿದದ್ದಾ? ಆ ಅಂಕಿ ನೋಡಿ ಹೇಳಲು ಆಗೋದೇ ಇಲ್ಲ. ಮೊದಲನೆಯದಾದರೆ ಸುಮ್ಮನಿರಬೇಕು, ಎರಡನೆಯದಾದರೆ ಬಡ್ಡಿ ಏರಿಸಬೇಕು. ಆದಾಯದ ಅಂಕಿ ಕೈಗೆ ಬರುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಪೂಲ್ ಕೇಳಿದ ಪ್ರಶ್ನೆಯೂ ಇದೇ: ಕಾರಣ ಕಾಣದೆ ಮೊದಲೇ ಒಂದನ್ನು ಹಿಡಿಯಬೇಕಾದರೆ ಯಾವುದನ್ನು ಹಿಡಿಯುತ್ತೀಯ?

ಮಡಗಾಂವ್_ಮೇಷ್ಟ್ರು
ಗೊತ್ತಿದ್ದೇ ಆರಿಸಿದ್ದು, ಸಿಕ್ಕಿಬಿದ್ದೆ 🙂 ಮುಂದಿನ ಸಾಲೂ ಬರೆದುಬಿಡುತ್ತೇನೆ. ಬಡ್ಡಿ ಹಿಡಿದರೆ ಆದಾಯ 880ರಿಂದ ಸರಿಯೋದು u ಅಷ್ಟು. ಹಣ ಹಿಡಿದರೆ 0.5u − v ಅಷ್ಟು. u ಮತ್ತು v ಒಂದಕ್ಕೊಂದು ಸಂಬಂಧ ಇಲ್ಲದೆ ಕುಣಿಯುತ್ತವೆ ಅಂದುಕೊಂಡರೆ, v ಕುಣಿತದ ಪ್ರಮಾಣ u ಕುಣಿತದ ಸುಮಾರು 0.87 ಪಟ್ಟಿಗಿಂತ ಜಾಸ್ತಿ ಇದ್ದಾಗ ಬಡ್ಡಿ ಹಿಡಿಯೋದು ಮೇಲು, ಕಡಿಮೆ ಇದ್ದಾಗ ಹಣ ಹಿಡಿಯೋದು ಮೇಲು. 0.87 ಅನ್ನೋದು ನನ್ನ ಅಂಕಿಗಳಿಂದ ಬಂದದ್ದು. ಬಡ್ಡಿಗೆ ಖರ್ಚು ಎಷ್ಟು ಬಾಗುತ್ತದೆ, ಹಣದ ಬೇಡಿಕೆ ಎಷ್ಟು ಬಾಗುತ್ತದೆ ಅನ್ನೋದು ಬದಲಾದರೆ ಇದೂ ಬದಲಾಗುತ್ತದೆ. ಹುಡುಗಾ, ಪರೀಕ್ಷೆಯಲ್ಲಿ 0.87 ಅಂತ ಬರೆದು ಬರಬೇಡ.

ವಾಸ್ಕೋ_ಬಂದರು
ಬರೀ ಎರಡೇ ದಾರಿ ಯಾಕೆ? ಮಧ್ಯದ್ದು ಇಲ್ವಾ? ಸ್ವಲ್ಪ ಬಡ್ಡಿ ಏರಲಿ, ಸ್ವಲ್ಪ ಹಣ ಜಾಸ್ತಿ ಆಗಲಿ.

ಫೋರ್ಟ್_ನಿವೃತ್ತ
ಇದೆ. ಪೂಲ್ ಅದನ್ನೂ ಬರೆದಿದ್ದಾರೆ. ಎರಡರ ಮಿಶ್ರಣ ಸರಿಯಾಗಿ ಆರಿಸಿದರೆ ಯಾವತ್ತೂ ಬರೀ ಒಂದನ್ನು ಹಿಡಿದದ್ದಕ್ಕಿಂತ ಕೆಟ್ಟದಾಗಿರೋದಿಲ್ಲ. ಆದರೆ ಸರಿಯಾಗಿ ಆರಿಸಲು u ಎಷ್ಟು ಕುಣಿಯುತ್ತದೆ, v ಎಷ್ಟು ಕುಣಿಯುತ್ತದೆ ಅಂತ ಗೊತ್ತಿರಬೇಕು. ಅದು ಗೊತ್ತಿಲ್ಲದೇ ಇರೋದೇ ಕಷ್ಟ.

ಪೋಂಡಾ_ಪದ್ಮಾ
ಎಲ್ಲ ಓದಿದೆ. ಒಂದು ಅನುಮಾನ. 2016ರ ನವೆಂಬರ್ 8 ನೆನಪಿದೆಯಲ್ಲ? ಆ ವಾರ ನಮ್ಮ ಬೇಕರಿಯಲ್ಲಿ ಪಾವ್ ಉಳಿದು ಹಂದಿಗೆ ಹಾಕಿದೆವು. ಗಿರಾಕಿ ಹತ್ತಿರ 2,000ದ ನೋಟು, ನನ್ನ ಹತ್ತಿರ ಚಿಲ್ಲರೆ ಇಲ್ಲ. ನೂರರ ನೋಟು ಸಿಕ್ಕವರು ಅದನ್ನು ಬಿಡುತ್ತಲೇ ಇರಲಿಲ್ಲ, ಮಡಚಿ ಮಡಚಿ ಇಟ್ಟುಕೊಳ್ಳುತ್ತಿದ್ದರು. ಶೆಟ್ರ ಗಲ್ಲಾ ಕಥೆಯೇ, ಊರಿಗೆ ಊರೇ. ಆಗ ರೆಪೋ ದರ 6.25ರಲ್ಲೇ ಇತ್ತು, ಏರಲಿಲ್ಲ. ಪೂಲ್ ಲೆಕ್ಕದ ಪ್ರಕಾರ ನನ್ನ ವ್ಯಾಪಾರಕ್ಕೆ ಏನೂ ಆಗಬಾರದಿತ್ತು. ಆಯಿತಲ್ಲ?

ಕೊತ್ರೂಡ್_ಕಟ್ಟೆ
ಪದ್ಮಕ್ಕ ಸರಿಯಾಗಿ ಹಿಡಿದರು ನೋಡಿ.

ಫೋರ್ಟ್_ನಿವೃತ್ತ
ಪದ್ಮಾ ಅವರೇ, ಒಳ್ಳೆಯ ಪ್ರಶ್ನೆ. ನನ್ನ ಪ್ರಕಾರ ಅದು ಬೇಡಿಕೆಯ ಏಟು ಅಲ್ಲ, ಪೂರೈಕೆಯದು. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಸುಮಾರು 86 ಪರ್ಸೆಂಟ್ ಒಂದೇ ರಾತ್ರಿ ಹೋಯಿತು. ಜನಕ್ಕೆ ಬೇಕಾದದ್ದು ನೋಟು. ಬ್ಯಾಂಕಿನಲ್ಲಿ ತುಂಬಿಕೊಂಡದ್ದು ಠೇವಣಿ. ಬ್ಯಾಂಕುಗಳ ಕಡೆಯಿಂದ ನೋಡಿದರೆ ದುಡ್ಡು ಉಕ್ಕಿ ಹರಿಯುತ್ತಿತ್ತು. ಬಿಟ್ಟಿದ್ದರೆ ಕಾಲ್ ದರ ಕುಸಿಯುತ್ತಿತ್ತು. ಹಾಗಾಗಿ ಆರ್‌ಬಿಐ ಎಳೆದುಕೊಳ್ಳುವ ಕೆಲಸ ಮಾಡಿತು. ನವೆಂಬರ್ 26ರಂದು, ಸೆಪ್ಟೆಂಬರ್ 16ರಿಂದ ನವೆಂಬರ್ 11ರ ನಡುವೆ ಹೆಚ್ಚಾದ ಠೇವಣಿಯಷ್ಟು ದುಡ್ಡನ್ನು ಪೂರ್ತಿ ಸಿಆರ್‌ಆರ್ ಆಗಿ, ಅಂದರೆ ಕಡ್ಡಾಯ ಮೀಸಲಾಗಿ ನನ್ನ ಹತ್ತಿರ ಇಡಿ ಅಂದಿತು. ಡಿಸೆಂಬರ್‌ನಲ್ಲಿ ಅದನ್ನು ತೆಗೆದು ಬೇರೆ ದಾರಿ ಹಿಡಿಯಿತು. ಅಲ್ಲಿ ಬಡ್ಡಿ ಹಿಡಿಯುವ ಯಂತ್ರ ಕೆಲಸ ಮಾಡಿತು. ನಿಮ್ಮ ಬೇಕರಿಯ ಸಮಸ್ಯೆ ಆ ಯಂತ್ರದ ಹೊರಗಿತ್ತು.

ಪೋಂಡಾ_ಪದ್ಮಾ
ಹೊರಗಿತ್ತು ಅಂತ ಹೇಳಿ ತಪ್ಪಿಸಿಕೊಳ್ಳಬೇಡಿ ಸರ್. ಬಡ್ಡಿ ಹಿಡಿಯುತ್ತೇನೆ ಅಂದರೆ ಅರ್ಥ ಏನು? ಕೇಳಿದಷ್ಟು ಕೊಡುತ್ತೇನೆ ಅಂತ ಅಲ್ವಾ? ಮುದ್ರಣಾಲಯದಿಂದ ನೋಟು ಬರೋದು ತನ್ನ ವೇಗದಲ್ಲೇ. ಕೇಳಿದಷ್ಟು ಕೊಡಲು ಆಗದಿದ್ದಾಗ ಆ 6.25 ಬರೀ ಬೋರ್ಡಿನ ಮೇಲಿನ ಅಂಕಿ. ಖಾಲಿ ಡಬ್ಬದ ಮೇಲೆ ಬೆಲೆ ಬರೆದ ಹಾಗೆ.

ಫೋರ್ಟ್_ನಿವೃತ್ತ
ಅದನ್ನು ಒಪ್ಪುತ್ತೇನೆ. ಪೂಲ್ ಲೆಕ್ಕದಲ್ಲಿ ಹಣ ಒಂದೇ ಬಗೆಯದು, ನೋಟು ಬೇರೆ ಠೇವಣಿ ಬೇರೆ ಅಂತಿಲ್ಲ. ಆದರೆ ಅದನ್ನು ಬೇಡಿಕೆಯ ಏಟು ಅಂತ ಕರೆಯೋದನ್ನು ಈಗಲೂ ಒಪ್ಪೋದಿಲ್ಲ.

ಪೋಂಡಾ_ಪದ್ಮಾ
ಒಪ್ಪಬೇಡಿ 🙂 ನೂರರ ನೋಟು ಮಡಚಿ ಇಟ್ಟವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ವಾಸ್ಕೋ_ಬಂದರು
ಹಂದಿಗೆ ಪಾವ್ ಹಾಕಿದಿರಾ ಅಕ್ಕಾ? ನಮ್ಮ ಕಡೆ ಕಳಿಸಬಾರದಿತ್ತಾ. ಅಂದಹಾಗೆ ಪೋಂಡಾದಲ್ಲಿ ಒಳ್ಳೆಯ ಬನ್ಸ್ ಎಲ್ಲಿ ಸಿಗುತ್ತದೆ?

ಪೋಂಡಾ_ಪದ್ಮಾ
ನಮ್ಮಲ್ಲೇ. ಬೆಳಗ್ಗೆ 8ರ ಒಳಗೆ ಬನ್ನಿ.

ಡೊಂಬಿವಲಿ_ಹುಡುಗ
ಬನ್ಸ್ ಆಮೇಲೆ, ಪ್ಲೀಸ್. ರಾಯರೇ, ಅಂಕಿ ಒಂದೇ ಕಾಣುತ್ತದೆ ಅಂದಿರಿ. ಹಾಗಾದರೆ ಗಲ್ಲಾ ಯಾವುದು, ಖರ್ಚು ಯಾವುದು ಅಂತ ನಿಜವಾಗಿ ಹೇಗೆ ಗುರುತು ಹಿಡಿಯುತ್ತಾರೆ?

ಫೋರ್ಟ್_ನಿವೃತ್ತ
ಪೂರ್ತಿ ಗುರುತು ಹಿಡಿಯೋಕೆ ಆಗೋದಿಲ್ಲ. ಸುಳಿವು ಸಿಗುತ್ತವೆ.

ಮೊದಲ ಸುಳಿವು ಕ್ಯಾಲೆಂಡರು. ಗಣಪತಿ, ದೀಪಾವಳಿ ಬಂದರೆ ನೋಟು ಹೊರಗೆ ಹೋಗುತ್ತದೆ, ಹಬ್ಬ ಮುಗಿದ ಮೇಲೆ ಸ್ವಲ್ಪ ವಾಪಸ್ ಬರುತ್ತದೆ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ ಅಡ್ವಾನ್ಸ್ ಟ್ಯಾಕ್ಸ್. ಕಂಪನಿಗಳ ದುಡ್ಡು ಬ್ಯಾಂಕಿನಿಂದ ಆರ್‌ಬಿಐನಲ್ಲಿರುವ ಸರ್ಕಾರದ ಖಾತೆಗೆ ಹೋಗುತ್ತದೆ. ಅದು ಜನರ ಬೇಡಿಕೆ ಅಲ್ಲ, ಬ್ಯಾಂಕುಗಳ ಅಡಿಪಾಯ ಕರಗೋದು. ಆದರೆ ಮದ್ದು ಒಂದೇ: ಕೆಲವು ದಿನಕ್ಕೆ ಕೊಡು, ಸರ್ಕಾರ ಖರ್ಚು ಮಾಡಿದ ಮೇಲೆ ವಾಪಸ್ ತಗೋ. ನನ್ನ ಕಾಲದಲ್ಲಿ ಆ ದಿನಗಳಲ್ಲಿ ಮಧ್ಯಾಹ್ನದ ಊಟಕ್ಕೆ ಏಳುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಬಿಗಿಯಾದ ದಿನ ಕಾಲ್ ದರ ಎರಡಂಕಿ ದಾಟಿ ಎಲ್ಲೆಲ್ಲೋ ಹೋಗುತ್ತಿತ್ತು. ಆಗ ಈ ಎಸ್‌ಡಿಎಫ್, ಎಂಎಸ್‌ಎಫ್ ಯಾವುದೂ ಇರಲಿಲ್ಲ.

ಎರಡನೆಯ ಸುಳಿವು, ಹಣದ ಜೊತೆ ಇನ್ನೇನು ಏರಿದೆ ಅನ್ನೋದು. ಖರ್ಚಿನಿಂದ ಹಣ ಏರಿದ್ದಾದರೆ ಬ್ಯಾಂಕ್ ಸಾಲ, ಗಾಡಿ ಮಾರಾಟ, ಸರಕಿನ ಬೆಲೆ, ಎಲ್ಲ ಒಟ್ಟಿಗೆ ಅಲ್ಲಾಡುತ್ತವೆ. ಗಲ್ಲಾದಿಂದಾದರೆ ಹಣ ಒಂದೇ ಏರಿರುತ್ತದೆ, ಮಿಕ್ಕಿದ್ದು ತಣ್ಣಗಿರುತ್ತದೆ. ಇದರಲ್ಲೂ ಮೋಸ ಹೋಗೋದುಂಟು, ಎರಡೂ ಒಂದೇ ತಿಂಗಳಲ್ಲಿ ಬರಬಹುದು.

ಕೊತ್ರೂಡ್_ಕಟ್ಟೆ
ಮೊತ್ತ ಹಿಡಿದ ದೇಶಗಳೇ ಇಲ್ಲ ಅನ್ನೋ ಹಾಗೆ ಮಾತಾಡಬೇಡಿ. ನಮ್ಮಲ್ಲೇ 1985ರಲ್ಲಿ ಚಕ್ರವರ್ತಿ ಸಮಿತಿ ಎಂ3ಗೆ, ಅಂದರೆ ಜನರ ಕೈಯ ನೋಟು, ಬ್ಯಾಂಕ್ ಠೇವಣಿ ಸೇರಿದ ಒಟ್ಟು ಹಣಕ್ಕೆ, ಗುರಿ ಇಟ್ಟುಕೊಳ್ಳಿ ಅಂತ ಹೇಳಿತು. ಆರ್‌ಬಿಐ ಅದನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಪಾಲಿಸಿತು.

ಫೋರ್ಟ್_ನಿವೃತ್ತ
ಪಾಲಿಸಿತು, 1998ರ ಏಪ್ರಿಲ್‌ನಲ್ಲಿ ಬಿಟ್ಟಿತು. ಬಿಟ್ಟ ಕಾರಣವೇ ಈ ಚರ್ಚೆಗೆ ಬೇಕಾದದ್ದು. ಹಣದ ಬೇಡಿಕೆ ಆದಾಯದ ಜೊತೆ ನೆಮ್ಮದಿಯಾಗಿ ಸಾಗುವಾಗ, ಅಂದರೆ v ಸಣ್ಣದಿದ್ದಾಗ, ಎಂ3 ಗುರಿ ಕೆಲಸ ಮಾಡುತ್ತದೆ. ಉದಾರೀಕರಣದ ನಂತರ ಹೊರದೇಶದ ದುಡ್ಡು ಬಂತು, ಹೊಸ ಹೊಸ ಉಳಿತಾಯದ ದಾರಿ ಬಂತು, v ದೊಡ್ಡದಾಯಿತು. ಸಮಿತಿಯವರು ತಪ್ಪು ಹೇಳಿದರು ಅಂತಲ್ಲ, ಅವರ ಕಾಲದ ಬೇಡಿಕೆ ಬೇರೆ ಇತ್ತು. ಇನ್ನೊಂದು, ಎಂ3 ಆರ್‌ಬಿಐ ಕೈಯಲ್ಲಿ ನೇರವಾಗಿ ಇರೋದೂ ಇಲ್ಲ. ಅದರ ಕೈಯಲ್ಲಿರೋದು ಅಡಿಪಾಯ ಮಾತ್ರ.

ಅಮೆರಿಕದ ಅನುಭವವನ್ನೂ ನೋಡಿ. 1979ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಬಡ್ಡಿ ಬಿಟ್ಟು ಬ್ಯಾಂಕುಗಳ ರಿಸರ್ವ್ ಮೊತ್ತ ಹಿಡಿದರು. 1980ರ ಏಪ್ರಿಲ್‌ನಲ್ಲಿ ಅಲ್ಲಿನ ಒಂದು ರಾತ್ರಿಯ ದರ ಸರಾಸರಿ ಸುಮಾರು 17.6 ಇತ್ತು. ಜುಲೈಗೆ ಸುಮಾರು 9ಕ್ಕೆ ಬಿತ್ತು. ಡಿಸೆಂಬರ್‌ನಲ್ಲಿ ಮತ್ತೆ 19ರ ಹತ್ತಿರ. ನಡುವೆ ಬಿದ್ದದ್ದು ಯಾಕೆಂದರೆ, ಅದೇ ವರ್ಷ ಮಾರ್ಚ್‌ನಲ್ಲಿ ಸರ್ಕಾರ ಸಾಲದ ಮೇಲೆ ನಿರ್ಬಂಧ ಹಾಕಿತ್ತು, ಜನ ಸಾಲ ತೀರಿಸಲು ಹೊರಟರು, ಹಣ ಕುಗ್ಗಿತು, ಬಡ್ಡಿ ಬಿದ್ದಿತು. 1982ರಲ್ಲಿ ಆ ದಾರಿ ಬಿಟ್ಟರು.

ಕೊತ್ರೂಡ್_ಕಟ್ಟೆ
ಆದರೆ ಅಲ್ಲಿ ಹಣದುಬ್ಬರ ಇಳಿಯಿತು ತಾನೆ? ಅದನ್ನು ಮರೆಯಬೇಡಿ.

ಫೋರ್ಟ್_ನಿವೃತ್ತ
ಇಳಿಯಿತು. ಮೊತ್ತ ಹಿಡಿದದ್ದಕ್ಕೆ ಇಳಿಯಿತೋ, ಬಡ್ಡಿ ಅಷ್ಟು ಎತ್ತರಕ್ಕೆ ಹೋಗಲು ಬಿಟ್ಟದ್ದಕ್ಕೆ ಇಳಿಯಿತೋ ಅಂತ ಇವತ್ತಿಗೂ ಜಗಳ ಇದೆ. ನಿಮ್ಮ ಕಡೆಗೆ ಇನ್ನೊಂದು ಮಾತು ಬಿಟ್ಟುಕೊಡುತ್ತೇನೆ. ಮೇಷ್ಟ್ರ ಲೆಕ್ಕದಲ್ಲಿ ಬೆಲೆ ಅಲ್ಲಾಡೋದೇ ಇಲ್ಲ. ನಿಜದಲ್ಲಿ ಬೆಲೆ ಏರುತ್ತದೆ ಅಂತ ಜನ ನಂಬಲು ಶುರು ಮಾಡಿದ ಮೇಲೂ ಬಡ್ಡಿಯನ್ನು 6ಕ್ಕೇ ಹಿಡಿದರೆ, ಸಾಲ ದಿನದಿನಕ್ಕೆ ಅಗ್ಗವಾದ ಹಾಗೆ. ಆಗ ಜನ ಇನ್ನೂ ಸಾಲ ಮಾಡುತ್ತಾರೆ, ಹಣ ಇನ್ನೂ ಏರುತ್ತದೆ. ನಿಮ್ಮ ಭಯ ಅಲ್ಲಿ ನಿಜ. ಅದಕ್ಕೇ ಈಗ ಬಡ್ಡಿ ಹಿಡಿಯೋದು ಮುಂದಿನ ಸಭೆವರೆಗೆ ಮಾತ್ರ. 4 ಪರ್ಸೆಂಟ್ ಹಣದುಬ್ಬರದ ಗುರಿ ಇಟ್ಟುಕೊಂಡು, ಎರಡು ತಿಂಗಳಿಗೊಮ್ಮೆ ಆರ್‌ಬಿಐನ ಹಣಕಾಸು ನೀತಿ ಸಮಿತಿ ಕೂತು ದರ ಬದಲಾಯಿಸಬೇಕಾ ಅಂತ ನೋಡುತ್ತದೆ. ಎರಡು ಸಭೆಗಳ ನಡುವಿನ ದಿನಗಳಲ್ಲಿ ಪೂಲ್, ಸಭೆಯ ದಿನ ಬೇರೆ ಲೆಕ್ಕ.

ಕೊತ್ರೂಡ್_ಕಟ್ಟೆ
ಹಾಗೆ ಹೇಳಿದರೆ ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ಪುಣೆಗೆ ಬನ್ನಿ, ಚಹಾ ಕುಡಿಯುತ್ತಾ ಜಗಳ ಆಡೋಣ.

ಡೊಂಬಿವಲಿ_ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ನಾಳೆ ಲೋಕಲ್‌ನಲ್ಲಿ ಮೇಷ್ಟ್ರ ಲೆಕ್ಕವನ್ನು u = 40, v = 20 ಎರಡೂ ಒಟ್ಟಿಗೆ ಹಾಕಿ ಮಾಡಿ ನೋಡುತ್ತೇನೆ.

ಮಡಗಾಂವ್_ಮೇಷ್ಟ್ರು
ಮಾಡು. ಹಣ ಹಿಡಿದರೆ ಆದಾಯ 880ರಲ್ಲೇ ನಿಲ್ಲುತ್ತದೆ, ಬಡ್ಡಿ 8. ಬಡ್ಡಿ ಹಿಡಿದರೆ 920. ಯಾಕೆ ಹೀಗಾಯಿತು ಅಂತ ಇಲ್ಲೇ ಬಂದು ಬರೆ.

ಮಾಟುಂಗಾ_ಶೆಟ್ರು
ಮಾರಾಯ್ರೇ, ಕೊನೆಗೆ ನಾನು ಗಲ್ಲಾದಲ್ಲಿ 60,000 ಇಡೋದು ಸರಿಯೋ ತಪ್ಪೋ? ಅದನ್ನು ಒಬ್ಬರೂ ಹೇಳಲಿಲ್ಲ.